ಹಳೆಯ ಫೋನಿನ ರೋಬಾಟ್: ಮಿದುಳಿಗಿಂತ ವೈರಿನ ಕಥೆ

ಡ್ರಾಯರಿನಲ್ಲಿ ಬಿದ್ದಿದ್ದ ಫೋನನ್ನು ನಾಲ್ಕು ಚಕ್ರದ ಮೇಲೆ ಕೂರಿಸಿ 'ಇದೇ ರೋಬಾಟಿನ ಮಿದುಳು' ಎನ್ನುವುದು ಈಗ ಕಾಲೇಜು ಪ್ರಾಜೆಕ್ಟುಗಳಲ್ಲಿ ರೂಢಿಯ ಮಾತು. ಕ್ಯಾಮೆರಾ, ಪ್ರೊಸೆಸರ್, ವೈಫೈ, ಗೈರೊ ಎಲ್ಲವೂ ಒಂದೇ ಡಬ್ಬಿಯಲ್ಲಿರುವಾಗ ಮಾತು ತಪ್ಪೇನಲ್ಲ. ಆದರೆ ಇಂಥ ಗಾಡಿಗಳನ್ನು ಕಟ್ಟಿ, ಕೆಡಿಸಿ, ಮತ್ತೆ ಕಟ್ಟುತ್ತ ಬಂದ ನನಗೆ ಈ ಕ್ಷೇತ್ರದ ಚರಿತ್ರೆಯೆಲ್ಲ ಫೋನಿನಿಂದ ಮೋಟಾರಿಗೆ ಹೋಗುವ ಒಂದು ವೈರಿನ ಸುತ್ತಲೇ ಸುತ್ತಿದಂತೆ ಕಾಣುತ್ತದೆ.

ಮೊದಲ ಹಂತವನ್ನು ಬೇಗ ಹೇಳಿ ಮುಗಿಸಬಹುದು. 2010ರ ಸುಮಾರಿಗೆ ಗೂಗಲ್‌ನ ಕೆಲವು ಉದ್ಯೋಗಿಗಳು ಬಿಡುವಿನ ಹೊತ್ತಿನಲ್ಲಿ 'ಸೆಲ್‌ಬಾಟ್ಸ್' ಎಂದು ಆಂಡ್ರಾಯ್ಡ್ ಫೋನಿಗೆ ಚಕ್ರ ಕಟ್ಟಿದರು. 2011ರಲ್ಲಿ ಕಿಕ್‌ಸ್ಟಾರ್ಟರ್ ಮೂಲಕ ಬಂದ 'ರೋಮೊ' ಐಫೋನಿನ ಹೆಡ್‌ಫೋನ್ ತೂತಿನಿಂದ ಶಬ್ದದ ಸಂಕೇತ ಕಳಿಸಿ ಮೋಟಾರು ತಿರುಗಿಸುತ್ತಿತ್ತು. ಜಾಣ ಉಪಾಯ, ಬಾಳಿಕೆಯದ್ದಲ್ಲ. ಅದೇ ವರ್ಷ ಆಂಡ್ರಾಯ್ಡ್ 3.1ರಲ್ಲಿ ಆಂಡ್ರಾಯ್ಡ್ ಸಾಧನವೇ ಯಜಮಾನನಾಗಿ ಯುಎಸ್‌ಬಿ ಸಾಧನಗಳೊಡನೆ ಮಾತಾಡುವ ಸೌಲಭ್ಯ ಬಂತು. ನಾವು 'ಓಟಿಜಿ' ಎನ್ನುವ ಆ ಪುಟ್ಟ ಕೇಬಲ್ಲು ಎಲ್ಲವನ್ನೂ ಬದಲಿಸಿತು.

ನನ್ನ ಮೆಚ್ಚಿನ ದಾರಿ ಇಲ್ಲಿಂದಲೇ ಶುರು. ಇಂಟೆಲ್ ಲ್ಯಾಬ್ಸ್‌ನ ಮಥಿಯಾಸ್ ಮ್ಯೂಲರ್ ಮತ್ತು ವ್ಲಾದ್ಲೆನ್ ಕೋಲ್ಟುನ್ 2020ರಲ್ಲಿ 'ಓಪನ್‌ಬಾಟ್' ವಿನ್ಯಾಸವನ್ನು ಎಲ್ಲರಿಗೂ ಬಿಟ್ಟುಕೊಟ್ಟರು. ಫೋನು ಬಿಟ್ಟು ಮೈಗೆ ಬೇಕಾದ ಸಾಮಾನಿನ ಖರ್ಚು ಸುಮಾರು 50 ಡಾಲರ್. ಫೋನು ಕ್ಯಾಮೆರಾದಲ್ಲಿ ಮನುಷ್ಯನನ್ನು ಗುರುತಿಸಿ ಅವನ ಹಿಂದೆ ಹೋಗಬೇಕೆಂದು ತೀರ್ಮಾನಿಸುತ್ತದೆ. ಮೋಟಾರನ್ನು ಮಾತ್ರ ಅದು ಮುಟ್ಟುವುದಿಲ್ಲ. ಆ ಕೆಲಸ ಕೆಳಗಿನ ಆರ್ಡುಯಿನೊ ನ್ಯಾನೊದ್ದು. ಫೋನು ಅದಕ್ಕೆ ಹೇಳುವುದು ಮುಖ್ಯವಾಗಿ ಇಷ್ಟೇ:

```
c120,120
h500
```

ಮೊದಲ ಸಾಲು ಎಡ-ಬಲ ಚಕ್ರಗಳ ವೇಗ. ಎರಡನೆಯದು 'ಅರ್ಧ ಸೆಕೆಂಡಿನೊಳಗೆ ನನ್ನ ದನಿ ಮತ್ತೆ ಕೇಳದಿದ್ದರೆ ನಿಂತುಬಿಡು' ಎಂಬ ಕರಾರು. ಆಂಡ್ರಾಯ್ಡ್ ಯಾವ ಕ್ಷಣದಲ್ಲಾದರೂ ಬೇರೆ ಕೆಲಸಕ್ಕೆ ತಿರುಗೀತು, ಆ್ಯಪ್ ಮುಚ್ಚಿಹೋದೀತು. ಆಗ ಗಾಡಿ ಗೋಡೆಗೆ ಹೊಡೆಯದೆ ಉಳಿಯುವುದು ಮಿದುಳಿನಿಂದಲ್ಲ, ಈ ಒಂದು ಸಾಲಿನಿಂದ. ಪ್ರಾಜೆಕ್ಟ್ ವರದಿಗಳಲ್ಲಿ ಇದರ ಹೆಸರೇ ಇರುವುದಿಲ್ಲ!

ಒಂದು ಅನುಭವ ಹೇಳುತ್ತೇನೆ. ನಮ್ಮದೊಂದು ಗಾಡಿ ಹೊರಟ ಹೊತ್ತಿನಲ್ಲಿ ಮನುಷ್ಯನ ಹಿಂದೆ ಚೆನ್ನಾಗಿಯೇ ಹೋಗುತ್ತಿತ್ತು. ಹತ್ತು ನಿಮಿಷವಾದ ಮೇಲೆ ತಿರುವಿನಲ್ಲೆಲ್ಲ ತೂರಾಡಲು ಶುರು. ಪ್ರೋಗ್ರಾಮಿನಲ್ಲಿ ತಪ್ಪು ಹುಡುಕಿ ಸುಸ್ತಾದೆವು. ಕೊನೆಗೆ ಫೋನಿನ ಬೆನ್ನು ಮುಟ್ಟಿದರೆ ಬಿಸಿ. ಬಿಸಿಯಾದ ಪ್ರೊಸೆಸರ್ ತನ್ನ ವೇಗವನ್ನು ತಾನೇ ಇಳಿಸಿಕೊಳ್ಳುತ್ತದೆ. ಸೆಕೆಂಡಿಗೆ 20 ಚಿತ್ರ ನೋಡುತ್ತಿದ್ದುದು 6ಕ್ಕೆ ಇಳಿದಿತ್ತು. ಸೆಕೆಂಡಿಗೆ ಅರ್ಧ ಮೀಟರ್ ಓಡುವ ಗಾಡಿ ಎರಡು ನೋಟಗಳ ನಡುವೆ ಮೊದಲು ಎರಡೂವರೆ ಸೆಂಟಿಮೀಟರ್ ಸಾಗುತ್ತಿತ್ತು, ಈಗ ಎಂಟು. ರಬ್ಬರ್ ಕವರ್ ಕಳಚಿ, ಪರದೆಯ ಬೆಳಕು ಇಳಿಸಿ, ಚಿತ್ರದ ಗಾತ್ರ ಕಿರಿದು ಮಾಡಿದ ಮೇಲೆ ಸರಿಹೋಯಿತು. ತಣ್ಣಗಿದ್ದಾಗ ಸರಿ, ಆಮೇಲೆ ಎಡವಟ್ಟು ಎಂದಾದರೆ ಕೋಡಿಗೆ ಕೈ ಹಾಕುವ ಮುನ್ನ ಫೋನಿನ ಬೆನ್ನು ಮುಟ್ಟಬೇಕು.

ಇನ್ನೊಂದು ಕಾಯಿಲೆ ಗುರುತಿಸುವುದು ಸುಲಭ. ಮೋಟಾರು ಜರ್ರನೆ ಹೊರಟ ಕ್ಷಣವೇ ಫೋನಿನಲ್ಲಿ 'ಈ ಯುಎಸ್‌ಬಿ ಸಾಧನಕ್ಕೆ ಅನುಮತಿ ಕೊಡಲೇ?' ಎಂಬ ಪ್ರಶ್ನೆ ಮತ್ತೆ ಮೂಡಿದರೆ ನ್ಯಾನೊ ಜತೆಗಿನ ಯುಎಸ್‌ಬಿ ಸಂಪರ್ಕ ಕಡಿದು ಮತ್ತೆ ಕೂಡಿದೆ ಎಂದೇ ಅರ್ಥ. ಸಾಮಾನ್ಯವಾಗಿ ಮೋಟಾರಿನ ವಿದ್ಯುತ್ ಗದ್ದಲ ವೈರಿಗೆ ನುಗ್ಗಿರುತ್ತದೆ. ಮೋಟಾರಿನ ಎರಡು ಕಾಲುಗಳ ನಡುವೆ 0.1 ಮೈಕ್ರೊಫ್ಯಾರಡ್ ಕೆಪ್ಯಾಸಿಟರ್ ಬೆಸುಗೆ ಹಾಕಿದರೆ ಬಹುಮಟ್ಟಿಗೆ ಶಾಂತಿ.

ಇಂಥ ಗಾಡಿಗಳ ಬಗ್ಗೆ ಬರೆಯುವವರು ಬರೆಯದೆ ಬಿಡುವುದು ಬ್ಯಾಟರಿಯ ಬಗ್ಗೆ. 2011ರಲ್ಲಿ ನಾಸಾ ತನ್ನ 'ಸ್ಫಿಯರ್ಸ್' ರೋಬಾಟಿಗೆ ಜೋಡಿಸಲು ನೆಕ್ಸಸ್ ಎಸ್ ಫೋನನ್ನು ಬಾಹ್ಯಾಕಾಶ ನಿಲ್ದಾಣಕ್ಕೆ ಕಳಿಸಿತು. ಕಳಿಸುವ ಮುನ್ನ ಲಿಥಿಯಂ ಬ್ಯಾಟರಿ ತೆಗೆದು ಸಾಮಾನ್ಯ ಎಎ ಸೆಲ್ಲುಗಳನ್ನು ಹಾಕಿತು. ಆಗ ಹೊಸದಾಗಿದ್ದ ಫೋನಿಗೇ ಅಷ್ಟು ಎಚ್ಚರ. ನಾವು ಐದಾರು ವರ್ಷ ಬಳಸಿ ಬಿಸಾಡಿದ್ದನ್ನು ಎತ್ತಿಕೊಂಡು, ಹಗಲೆಲ್ಲ ಚಾರ್ಜಿಗೆ ಹಾಕಿ, ಮಕ್ಕಳ ಕಾಲಬುಡದಲ್ಲಿ ಓಡಿಸುತ್ತೇವೆ. ಬ್ಯಾಟರಿ ತೆಗೆದರೆ ಎಷ್ಟೋ ಫೋನುಗಳು ಆನ್ ಆಗುವುದೇ ಇಲ್ಲ. ಅದಕ್ಕೊಂದು ಸುಲಭ ಬದಲಿ ವ್ಯವಸ್ಥೆಯನ್ನು ಪ್ರಾಜೆಕ್ಟಾಗಿ ಎತ್ತಿಕೊಂಡ ವಿದ್ಯಾರ್ಥಿ ನನಗಿನ್ನೂ ಸಿಕ್ಕಿಲ್ಲ. ಮನುಷ್ಯನ ಹಿಂದೆ ಹೋಗುವ ಗಾಡಿಗಳು ಮಾತ್ರ ವರ್ಷಕ್ಕೆ ನಾಲ್ಕು ಬರುತ್ತವೆ.

ಅಂಥ ವಿದ್ಯಾರ್ಥಿ ಸಿಗುವವರೆಗೆ, ಹಳೆಯ ಫೋನನ್ನು ಗಾಡಿಗೆ ಬಿಗಿಯುವ ಮುನ್ನ ಸಮತಟ್ಟು ಗಾಜಿನ ಮೇಲೆ ಪರದೆ ಕೆಳಗಾಗಿ ಇಟ್ಟು ಬೆರಳಿನಿಂದ ತಿರುಗಿಸಿ ನೋಡಿ. ಬುಗುರಿಯಂತೆ ಸುತ್ತಿದರೆ ಬ್ಯಾಟರಿ ಉಬ್ಬಿ ಪರದೆಯನ್ನು ನೂಕಿದೆ ಎಂದು ತಿಳಿಯಿರಿ. ಅದನ್ನು ಚುಚ್ಚಬೇಡಿ, ಚಾರ್ಜ್ ಮಾಡಬೇಡಿ. ಇ-ತ್ಯಾಜ್ಯ ಸಂಗ್ರಹಿಸುವವರಿಗೆ ಕೊಟ್ಟುಬಿಡಿ.