ಅಂಗಡಿ ಖಾಲಿ ಮಾಡಿಸೋಕೆ ಸಾದಾ ಪತ್ರ ಸಾಕಾ, ಲಾಯರ್ ನೋಟಿಸೇ ಬೇಕಾ?

ಬೆಳಕವಾಡಿ: ನಮ್ಮ ಕಡೆ ಅಂಗಡಿ ಬಾಡಿಗೆ ಬಹುತೇಕ ಬಾಯಿಮಾತಿನ ವ್ಯವಹಾರ. ಅಡ್ವಾನ್ಸ್ ಕೊಟ್ಟಿದ್ದು, ತಿಂಗಳಿಗೆ ಇಷ್ಟು ಅಂತ ಮಾತಾಡಿದ್ದು ಅಷ್ಟೇ ಇರುತ್ತೆ. ಕರಾರು ಪತ್ರ ಇದ್ದರೂ ಹನ್ನೊಂದು ತಿಂಗಳಿನದು, ಅದೂ ಮುಗಿದು ವರ್ಷಗಳಾಗಿರುತ್ತೆ. ಹೀಗಿರುವಾಗ ಮಾಲೀಕರಿಗೆ ಅಂಗಡಿ ವಾಪಸ್ ಬೇಕಾದಾಗ ಮೊದಲ ಪ್ರಶ್ನೆ ಏಳುತ್ತೆ: ನಾನೇ ಒಂದು ಪತ್ರ ಬರೆದು ಕೊಟ್ಟರೆ ನಡೆಯುತ್ತಾ, ಇಲ್ಲ ಮಳವಳ್ಳಿಗೆ ಹೋಗಿ ಲಾಯರ್ ಕೈಲಿ ಕಳಿಸಬೇಕಾ?

ಕಾನೂನು ಲಾಯರನ್ನು ಕೇಳುವುದಿಲ್ಲ

ಬಾಡಿಗೆ ಮುಗಿಸುವ ನೋಟಿಸಿನ ನಿಯಮ ಇರುವುದು 1882ರ ಆಸ್ತಿ ವರ್ಗಾವಣೆ ಕಾಯ್ದೆಯ 106ನೇ ಕಲಮಿನಲ್ಲಿ. ತಿಂಗಳ ಬಾಡಿಗೆಯ ಅಂಗಡಿಯಾದರೆ, ಕರಾರಿನಲ್ಲಿ ಬೇರೆ ಅವಧಿ ಬರೆದಿಲ್ಲದಿದ್ದರೆ, 15 ದಿನದ ನೋಟಿಸು ಕೊಡಬೇಕು. ಅದು ಬರವಣಿಗೆಯಲ್ಲಿರಬೇಕು, ಕೊಡುವವರ ಅಥವಾ ಅವರ ಪರವಾದವರ ಸಹಿ ಇರಬೇಕು. ಅಂಚೆಯಲ್ಲಿ ಕಳಿಸಬಹುದು, ಕೈಗೆ ಕೊಡಬಹುದು, ಮನೆಯಲ್ಲಿ ಅವರ ಕುಟುಂಬದವರಿಗೆ ಅಥವಾ ಕೆಲಸದವರಿಗೂ ಕೊಡಬಹುದು. ಹೀಗೆ ಕೊಡಲು ಆಗದೇ ಹೋದರೆ ಅಂಗಡಿಯ ಎದ್ದು ಕಾಣುವ ಜಾಗಕ್ಕೆ ಅಂಟಿಸಬಹುದು. ಲಾಯರ್ ಸಹಿಯೇ ಆಗಬೇಕು ಅಂತ ಎಲ್ಲೂ ಇಲ್ಲ. ಮಾಲೀಕರೇ ಬರೆದು ಸಹಿ ಹಾಕಿದ ಪತ್ರಕ್ಕೂ ಅಷ್ಟೇ ಬೆಲೆ.

15 ದಿನ ಎಣಿಸುವುದು ಪತ್ರ ಬರೆದ ದಿನದಿಂದಲ್ಲ, ಎದುರಿನವರ ಕೈಗೆ ಸೇರಿದ ದಿನದಿಂದ. ಎಷ್ಟೋ ಜನ ಎಡವುವುದೇ ಇಲ್ಲಿ. ಹಾಗಾಗಿ ಸೇರಿದ ದಿನಕ್ಕೆ ಪುರಾವೆ ಇಟ್ಟುಕೊಳ್ಳಬೇಕು. ಕೈಗೆ ಕೊಟ್ಟರೆ ಇನ್ನೊಂದು ಪ್ರತಿಯ ಮೇಲೆ ದಿನಾಂಕದ ಸಮೇತ ಸಹಿ ಪಡೆಯಿರಿ. ಅಂಚೆಯಲ್ಲಾದರೆ, ರಿಜಿಸ್ಟರ್ಡ್ ಪೋಸ್ಟ್ ಅನ್ನು 2025ರಲ್ಲಿ ಸ್ಪೀಡ್ ಪೋಸ್ಟ್ ಜೊತೆ ಸೇರಿಸಿರುವುದರಿಂದ, ಕೌಂಟರಿನಲ್ಲಿ ತಲುಪಿದ್ದಕ್ಕೆ ಪುರಾವೆ ಬೇಕು ಅಂತ ಕೇಳಿ ಕಳಿಸಿ. ವಾಟ್ಸಾಪ್ ಮೆಸೇಜ್ ಒಂದನ್ನೇ ನಂಬಿ ಕೂರಬೇಡಿ.

ಸಾದಾ ಪತ್ರ ಸಾಕಾಗುವುದು ಯಾವಾಗ

ಎದುರಿನವರು ಖಾಲಿ ಮಾಡಲು ಒಪ್ಪಿದ್ದಾರೆ, ಬಾಡಿಗೆ ಬಾಕಿ ಇಲ್ಲ, ಅಡ್ವಾನ್ಸ್ ಎಷ್ಟು ಅಂತ ಇಬ್ಬರ ಲೆಕ್ಕವೂ ಒಂದೇ ಅನ್ನುವಂತಿದ್ದರೆ ಸಾದಾ ಪತ್ರ ಸಾಕು. ಅಂಥ ಕಡೆ ಲಾಯರ್ ನೋಟಿಸು ಹೋದರೆ ಚೆನ್ನಾಗಿದ್ದ ಸಂಬಂಧವೂ ಕೆಡುತ್ತೆ. ಬಾಡಿಗೆದಾರರೇ ಬಿಟ್ಟು ಹೋಗುವುದಾದರೂ ಅಷ್ಟೇ. 15 ದಿನ ಮುಂಚೆ ಪತ್ರ ಕೊಟ್ಟು, ಬೀಗದ ಕೈ ಒಪ್ಪಿಸಿದ ದಿನ ಒಂದು ಚೀಟಿಯಲ್ಲಿ ಮಾಲೀಕರ ಸಹಿ ಪಡೆದರೆ ಆಯ್ತು. ಆ ಚೀಟಿ ಇಲ್ಲದಿದ್ದರೆ ಮುಂದಿನ ತಿಂಗಳ ಬಾಡಿಗೆಯೂ ಕೇಳುವ ಸಂದರ್ಭ ಬರಬಹುದು.

ಲಾಯರ್ ಹತ್ತಿರ ಹೋಗಲೇಬೇಕಾದ್ದು

ಒಂದೇ ಪರೀಕ್ಷೆ ಮಾಡಿಕೊಳ್ಳಿ: ಇದು ಮುಂದೆ ಕೋರ್ಟಿಗೆ ಹೋಗಬಹುದಾ? ಹೌದು ಅನಿಸಿದರೆ ಮೊದಲ ನೋಟಿಸೇ ಲಾಯರ್ ಮೂಲಕ ಹೋಗಲಿ. ಯಾಕಂದ್ರೆ ಆಮೇಲೆ ಹಾಕುವ ದಾವೆ ಅದೇ ನೋಟಿಸಿನ ಮೇಲೆ ನಿಂತಿರುತ್ತೆ. ಅದರಲ್ಲಿ ಬರೆದ ಒಂದೊಂದು ಸಾಲೂ ಸಾಕ್ಷಿಯಾಗುತ್ತೆ.

ಒಂದು ಉದಾಹರಣೆ ನೋಡಿ. ಬಸ್ ಸ್ಟ್ಯಾಂಡ್ ಹತ್ತಿರದ ಒಂದು ಅಂಗಡಿ, ತಿಂಗಳಿಗೆ 4,000 ರೂಪಾಯಿ ಬಾಡಿಗೆ, 50,000 ಅಡ್ವಾನ್ಸ್ ಅಂದುಕೊಳ್ಳೋಣ. ಹನ್ನೊಂದು ತಿಂಗಳ ಕರಾರು ಯಾವತ್ತೋ ಮುಗಿದಿದೆ, ಬಾಡಿಗೆ ಮಾತ್ರ ಪ್ರತಿ ತಿಂಗಳೂ ಬರುತ್ತಿದೆ. ಮಾಲೀಕರು ಮಗನಿಗೆ ಅಂಗಡಿ ಹಾಕಿಕೊಡಬೇಕು. "ಖಾಲಿ ಮಾಡ್ಕೊಡಪ್ಪ" ಅಂದರೆ, "ಯಜಮಾನ್ರೇ, ಒಂದು ಲಕ್ಷ ಅಡ್ವಾನ್ಸ್ ಕೊಟ್ಟಿದ್ದೀನಿ, ಅದು ಕೊಡಿ, ಆಮೇಲೆ ನೋಡೋಣ" ಅಂತ ಉತ್ತರ ಬರುತ್ತೆ.

ಮಾಲೀಕರು ಸಿಟ್ಟಿನಲ್ಲಿ ತಾವೇ ಪತ್ರ ಬರೆಯುತ್ತಾರೆ: "ಈ ತಿಂಗಳು ಖಾಲಿ ಮಾಡು, ಇಲ್ಲಾಂದ್ರೆ 6,000 ಬಾಡಿಗೆ ಕೊಡು, ಇಲ್ಲಾಂದ್ರೆ ಬೀಗ ಹಾಕ್ತೀನಿ." ಈ ಪತ್ರ ಮಾಲೀಕರನ್ನೇ ಕಟ್ಟಿಹಾಕುತ್ತೆ. ಖಾಲಿ ಮಾಡು ಅನ್ನುತ್ತಲೇ ಹೆಚ್ಚು ಬಾಡಿಗೆ ಕೇಳಿದರೆ, ಬಾಡಿಗೆ ಮುಗಿಸಿದ್ದಾರೋ ಮುಂದುವರಿಸಿದ್ದಾರೋ ಅನ್ನೋದು ಸ್ಪಷ್ಟವಾಗಲ್ಲ. ಬೀಗದ ಮಾತನ್ನು ತೋರಿಸಿ ಬಾಡಿಗೆದಾರರು ತಡೆಯಾಜ್ಞೆ ಕೇಳಬಹುದು. ನಿಜವಾಗಿಯೂ ಬೀಗ ಹಾಕಿ ಹೊರಗೆ ಕಳಿಸಿದರೆ, ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಕಲಮಿನಡಿ ಆರು ತಿಂಗಳೊಳಗೆ ದಾವೆ ಹಾಕಿ ಅಂಗಡಿ ಮತ್ತೆ ಪಡೆಯಬಹುದು.

ಇದೇ ಕೆಲಸ ಲಾಯರ್ ಮೂಲಕ ಆದರೆ ನೋಟಿಸಿನಲ್ಲಿ ಇಷ್ಟೇ ಇರುತ್ತೆ: ಯಾವ ಅಂಗಡಿ, ಅದರ ಚಕ್ಕುಬಂದಿ, ಬಾಡಿಗೆ ಎಷ್ಟು, ಅಡ್ವಾನ್ಸ್ 50,000 ಮಾತ್ರ, ಬಾಡಿಗೆ ಸಂಬಂಧ ಇಂಥ ದಿನಕ್ಕೆ ಮುಗಿಸಿದ್ದೇವೆ, ಆಮೇಲೂ ಉಳಿದರೆ ದಿನಕ್ಕೆ ಇಷ್ಟು ನಷ್ಟಪರಿಹಾರ. ನೋಟಿಸು ಜೂನ್ 3ಕ್ಕೆ ತಲುಪಿದರೆ ಜೂನ್ 18ಕ್ಕೆ 15 ದಿನ ಆಗುತ್ತೆ. ಆದರೂ ಜೂನ್ 30ರವರೆಗೆ ಸಮಯ ಕೊಟ್ಟು ಬರೆಸುವುದು ಜಾಣತನ. ದಿನದ ಲೆಕ್ಕದಲ್ಲಿ ತಕರಾರಿಗೆ ಎಡೆ ಇರಲ್ಲ.

ಇನ್ನೂ ಕೆಲವು ಕಡೆ ಎದುರಿನವರು ಜಗಳ ತೆಗೆಯದಿದ್ದರೂ ಲಾಯರ್ ಬೇಕು. ಅಂಗಡಿ ತೀರಿಕೊಂಡ ತಂದೆಯ ಹೆಸರಿನಲ್ಲೇ ಇದ್ದು, ಅಣ್ಣ ತಮ್ಮಂದಿರ ನಡುವೆ ಭಾಗ ಆಗಿಲ್ಲದಿದ್ದರೆ, ಯಾರ ಪರವಾಗಿ ನೋಟಿಸು ಹೋಗಬೇಕು ಅನ್ನೋದೇ ಪ್ರಶ್ನೆ. ಆಲೆಮನೆಯಂಥ ತಯಾರಿಕೆಯ ಜಾಗವಾದರೆ 15 ದಿನವೋ ಆರು ತಿಂಗಳೋ ಅನ್ನುವ ವಾದ ಏಳುತ್ತೆ. ತಯಾರಿಕೆಗೆ ಕೊಟ್ಟ ಜಾಗಕ್ಕೆ 106ನೇ ಕಲಮು ಆರು ತಿಂಗಳು ಅನ್ನುತ್ತೆ, ಆದರೆ ಕರಾರು ನೋಂದಣಿ ಆಗಿದೆಯೋ ಇಲ್ಲವೋ ಅನ್ನುವುದರ ಮೇಲೆ ಅದು ಬದಲಾಗಬಹುದು. ಕರಾರಿನ ಅವಧಿ ಇನ್ನೂ ಬಾಕಿ ಇದ್ದರೆ ಸುಮ್ಮನೆ 15 ದಿನದ ನೋಟಿಸು ಕೊಟ್ಟು ಬಿಡಿಸಲು ಬರಲ್ಲ, ಕರಾರಿನ ಷರತ್ತು ನೋಡಬೇಕು. ಇನ್ನು ಪಟ್ಟಣದ ಅಂಗಡಿ 14 ಚದರ ಮೀಟರ್, ಅಂದರೆ ಸುಮಾರು 150 ಚದರ ಅಡಿಯೊಳಗಿದ್ದರೆ, 1999ರ ಕರ್ನಾಟಕ ಬಾಡಿಗೆ ಕಾಯ್ದೆ ಅನ್ವಯಿಸುತ್ತಾ ಅಂತ ಕೇಳಿಕೊಳ್ಳಿ. ಅನ್ವಯಿಸಿದರೆ ಬರೀ ನೋಟಿಸು ಸಾಲದು, ಆ ಕಾಯ್ದೆ ಹೇಳಿದ ಕಾರಣವನ್ನೂ ತೋರಿಸಬೇಕು.

ನೋಟಿಸು ಕೊಟ್ಟ ಮೇಲೆ ಬಾಡಿಗೆ ತಗೊಂಡರೆ?

ಎಷ್ಟೇ ಚೆನ್ನಾಗಿ ನೋಟಿಸು ಬರೆಸಿದರೂ ಕೆಡುವುದು ಇಲ್ಲಿ. ಗಡುವು ಮುಗಿದ ಮೇಲೆ ಎಂದಿನಂತೆ ಬಾಡಿಗೆ ತಗೊಂಡು ರಸೀದಿ ಕೊಟ್ಟರೆ, ಮಾಲೀಕರೇ ನೋಟಿಸು ಕೈಬಿಟ್ಟಿದ್ದಾರೆ ಅಂತ 113ನೇ ಕಲಮಿನಡಿ ವಾದಿಸಬಹುದು. ಫೋನ್‌ಪೇಗೆ ಬಂದು ಬೀಳುವ ದುಡ್ಡಿಗೂ ಇದೇ ಮಾತು. ಹಾಗೆ ಬಂದರೆ, ಇದು ಬಾಡಿಗೆಯಲ್ಲ, ಜಾಗ ಬಳಸಿದ್ದಕ್ಕೆ ನಷ್ಟಪರಿಹಾರ, ನಮ್ಮ ಹಕ್ಕಿಗೆ ಧಕ್ಕೆ ಇಲ್ಲದಂತೆ ಪಡೆದಿದ್ದೇವೆ ಅಂತ ಕೂಡಲೇ ಬರವಣಿಗೆಯಲ್ಲಿ ತಿಳಿಸಿ.

ನೋಟಿಸು ನಿಮಗೇ ಬಂದಿದ್ದರೆ

ಲಾಯರ್ ನೋಟಿಸು ಅಂದರೆ ಕೋರ್ಟಿನ ಆದೇಶವಲ್ಲ. ಅದು ಬಂದ ಮಾತ್ರಕ್ಕೆ ಯಾರೂ ಬಂದು ಸಾಮಾನು ಹೊರಗಿಡುವಂತಿಲ್ಲ. ಒಪ್ಪದಿದ್ದರೆ ಮಾಲೀಕರು ದಾವೆ ಹಾಕಿಯೇ ಬಿಡಿಸಬೇಕು. ಹಾಗಂತ ಪೋಸ್ಟ್‌ಮ್ಯಾನ್ ತಂದ ಕವರ್ ಬೇಡ ಅಂತ ವಾಪಸ್ ಕಳಿಸಬೇಡಿ. ನಿರಾಕರಿಸಿದ್ದಾರೆ ಅಂತ ಷರಾ ಬಿದ್ದರೆ ತಲುಪಿದೆ ಅಂತಲೇ ಲೆಕ್ಕ. ತಗೊಳ್ಳಿ, ದಿನಾಂಕ ಬರೆದಿಡಿ, ಅಡ್ವಾನ್ಸ್ ಮತ್ತು ಬಾಡಿಗೆ ಕಟ್ಟಿದ ದಾಖಲೆ ಹಿಡಿದುಕೊಂಡು ಹೋಗಿ ಲಾಯರ್ ಮೂಲಕವೇ ಉತ್ತರ ಕೊಡಿ. ಉತ್ತರ ಕೊಡದೆ ಸುಮ್ಮನಿದ್ದರೆ, ನೋಟಿಸಿನಲ್ಲಿರುವ ಅಡ್ವಾನ್ಸ್ ಮೊತ್ತಕ್ಕೆ ಆಗ ಯಾಕೆ ತಕರಾರು ಮಾಡಲಿಲ್ಲ ಅಂತ ಕೋರ್ಟಿನಲ್ಲಿ ಕೇಳುತ್ತಾರೆ.

ಫೀಸಿಗೆ ಕಷ್ಟ ಅನ್ನುವವರು ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ವಿಚಾರಿಸಬಹುದು. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಉಚಿತ ಕಾನೂನು ನೆರವಿನ ಹಕ್ಕಿದೆ, ಉಳಿದ ಹಲವರಿಗೆ ಆದಾಯ ಮಿತಿ ನೋಡುತ್ತಾರೆ. ಸಹಾಯವಾಣಿ ಸಂಖ್ಯೆ 15100.