ಬಲೂನ್ ಹಾರ ಬಿಸಿಲಿಗೆ ಒಡೆಯುವುದೇಕೆ?

ಯುಗಾದಿಯ ಮಧ್ಯಾಹ್ನ ಬಾಗಿಲಿನ ಬಲೂನ್ ಹಾರ ಪಟಪಟನೆ ಒಡೆಯಲು ಒಳಗಿನ ಗಾಳಿಯಷ್ಟೇ ಕಾರಣವಲ್ಲ. 25 ಡಿಗ್ರಿಯಿಂದ 40 ಡಿಗ್ರಿಗೆ ಬಿಸಿಯಾದಾಗ ಗಾಳಿ ಹಿಗ್ಗುವುದು ಸುಮಾರು ಶೇ. 5 ಮಾತ್ರ. ಆದರೆ ಪೂರ್ತಿ ಊದಿದ ರಬ್ಬರ್ ಮೊದಲೇ ಬಿಗಿದು ತೆಳುವಾಗಿರುತ್ತದೆ, ಬಿಸಿಲು ಅದನ್ನು ಇನ್ನಷ್ಟು ದುರ್ಬಲಗೊಳಿಸುತ್ತದೆ.

ಹಾಗಾಗಿ 12 ಇಂಚಿನ ಬಲೂನನ್ನು 10 ಇಂಚಿಗೆ, 5 ಇಂಚಿನದನ್ನು 4 ಇಂಚಿಗೆ ಊದಿ. ರಟ್ಟಿನಲ್ಲಿ ಅಷ್ಟಗಲದ ತೂತು ಕೊರೆದರೆ ಅಳತೆ ಸುಲಭ. ಕತ್ತಿನ ಕಡೆ ಉದ್ದವಾಗಿ ಪೇರಳೆ ಹಣ್ಣಿನಂತೆ ಕಂಡರೆ ಗಾಳಿ ಹೆಚ್ಚಾಗಿದೆ ಎಂದರ್ಥ.

ನಾಲ್ಕು ದೊಡ್ಡ ಬಲೂನ್‌ಗಳ ಗೊಂಚಲುಗಳನ್ನು ದಾರಕ್ಕೆ ಸುತ್ತುತ್ತಾ ಹೋಗಿ, ಸಂದುಗಳಲ್ಲಿ ಚಿಕ್ಕವನ್ನು ಸಿಕ್ಕಿಸಿ. ಕಡು ಬಣ್ಣ ಬಿಸಿಲನ್ನು ಹೆಚ್ಚು ಹೀರುತ್ತದೆ. ಮಾವಿನೆಲೆಯ ಹಸಿರನ್ನು ನೆರಳಿನ ಕಡೆಗೂ ಬಿಳಿ, ತಿಳಿಹಳದಿಯನ್ನು ಬಿಸಿಲಿನ ಕಡೆಗೂ ಕಟ್ಟಿ.