ದಿರ್ಹಮ್ ಏರಿತು ಎನ್ನುವಾಗ ಏರಿದ್ದು ಏನು?

ಉಪ್ಪಳದ ನಮ್ಮ ಮನೆಯ ತಗಡಿನ ಪೆಟ್ಟಿಗೆಯಲ್ಲಿ ಉಮ್ಮ ಒಂದು ಹಳೆಯ ಹತ್ತು ರೂಪಾಯಿ ನೋಟನ್ನು ಜೋಪಾನವಾಗಿ ಇಟ್ಟಿದ್ದರು. ಅಶೋಕ ಸ್ತಂಭ, ರಿಸರ್ವ್ ಬ್ಯಾಂಕಿನ ಹೆಸರು ಎಲ್ಲವೂ ಇತ್ತು. ಆದರೆ ಬಣ್ಣ ಕೆಂಪು, ನಂಬರಿನ ಮುಂದೆ ಝೆಡ್ ಎಂಬ ಇಂಗ್ಲಿಷ್ ಅಕ್ಷರ. ಬೊಂಬಾಯಿಯಿಂದ ಹಡಗು ಹತ್ತಿ ದುಬೈಗೆ ಹೋಗಿದ್ದ ಅಜ್ಜ ತಂದದ್ದಂತೆ. ಚಿಕ್ಕವನಿದ್ದಾಗ ಅದನ್ನು ಕಳ್ಳನೋಟು ಎಂದುಕೊಂಡಿದ್ದೆ. ಮುಂದೆ ದೇರಾದಲ್ಲಿ ಒಂದು ಎಕ್ಸ್‌ಚೇಂಜಿನ ಕೌಂಟರಿನಲ್ಲಿ ಹನ್ನೊಂದು ವರ್ಷ ಕೂತ ಮೇಲೆಯೇ ಆ ನೋಟಿಗೂ, ಗಾಜಿನ ಆಚೆ ನಿಂತವರು ದಿನವೂ ಕೇಳುತ್ತಿದ್ದ ಪ್ರಶ್ನೆಗೂ ಸಂಬಂಧ ಇದೆ ಎಂದು ನನಗೆ ತಿಳಿದದ್ದು.

ಪ್ರಶ್ನೆ ಒಂದೇ: "ಇವತ್ತು ಕಳಿಸಲಾ, ನಾಳೆ ದಿರ್ಹಮ್ ಏರ್ತದಾ?"

ಮೊದಲು ನೋಟಿನ ಕಥೆ. ಕಳೆದ ಶತಮಾನದ ನಡುವಿನವರೆಗೂ ದುಬೈ, ಕುವೈತ್, ಬಹ್ರೈನ್, ಕತಾರ್‌ಗಳಲ್ಲಿ ಓಡುತ್ತಿದ್ದದ್ದು ನಮ್ಮದೇ ರೂಪಾಯಿ. ಅಲ್ಲಿ ಗಳಿಸಿದ ಹತ್ತು ರೂಪಾಯಿ ಇಲ್ಲಿ ಹತ್ತೇ ರೂಪಾಯಿ, ರೇಟು ಕೇಳುವ ಮಾತೇ ಇರಲಿಲ್ಲ. ಆದರೆ ಅಲ್ಲಿಂದ ಚಿನ್ನ ಕದ್ದು ಭಾರತಕ್ಕೆ ಬರುತ್ತಿತ್ತು, ಅದರ ಬೆಲೆಯಾಗಿ ರೂಪಾಯಿ ನೋಟುಗಳು ಕದ್ದು ಅಲ್ಲಿಗೆ ಹೋಗುತ್ತಿದ್ದವು. ಆ ನೋಟುಗಳನ್ನು ಅಲ್ಲಿನ ಬ್ಯಾಂಕುಗಳು ರಿಸರ್ವ್ ಬ್ಯಾಂಕಿಗೆ ಮರಳಿಸಿ ಬ್ರಿಟಿಷ್ ಪೌಂಡ್ ಕೇಳಿದಾಗ ಕೊಡಲೇಬೇಕಿತ್ತು. ಭಾರತದ ವಿದೇಶಿ ಹಣ ಹೀಗೆ ಸೋರಿಹೋಗುತ್ತಿತ್ತು. ಅದನ್ನು ತಡೆಯಲು 1959ರಲ್ಲಿ ಕೊಲ್ಲಿಗೆ ಮಾತ್ರ ಸಲ್ಲುವ ಬೇರೆ ಬಣ್ಣದ ನೋಟುಗಳನ್ನು ರಿಸರ್ವ್ ಬ್ಯಾಂಕ್ ಹೊರಡಿಸಿತು. ಅಜ್ಜನ ಕೆಂಪು ನೋಟು ಅದೇ, ಗಲ್ಫ್ ರೂಪಾಯಿ.

ನೋಟು ಬೇರೆಯಾದರೂ ಬೆಲೆ ನಮ್ಮ ರೂಪಾಯಿಗೇ ಕಟ್ಟಿತ್ತು. 1966ರ ಜೂನ್ 6ರಂದು ಭಾರತ ಸರಕಾರ ರೂಪಾಯಿಯ ಬೆಲೆ ಇಳಿಸಿತು. ಅದುವರೆಗೆ 4 ರೂಪಾಯಿ 76 ಪೈಸೆಗೆ ಸಿಗುತ್ತಿದ್ದ ಡಾಲರ್ ಏಳೂವರೆ ರೂಪಾಯಿಯಾಯಿತು. ದಿಲ್ಲಿಯಲ್ಲಿ ತೀರ್ಮಾನ ಆದರೆ ದುಬೈಯ ವ್ಯಾಪಾರಿಯ ಪೆಟ್ಟಿಗೆಯಲ್ಲಿದ್ದ ಹಣವೂ ಕರಗಿತು. ಅವರಿಗೆ ಸಿಟ್ಟು ಬಂದದ್ದರಲ್ಲಿ ಆಶ್ಚರ್ಯವಿಲ್ಲ. ಕುವೈತ್ 1961ರಲ್ಲೇ, ಬಹ್ರೈನ್ 1965ರಲ್ಲೇ ತಮ್ಮ ದಿನಾರ್ ಮಾಡಿಕೊಂಡಿದ್ದವು. 1966ರಲ್ಲಿ ದುಬೈ ಮತ್ತು ಕತಾರ್ ಸೇರಿ ತಮ್ಮದೇ ರಿಯಾಲ್ ತಂದವು. ಬೆಲೆ ಇಳಿಯುವ ಮುಂಚಿನ ಒಂದು ಗಲ್ಫ್ ರೂಪಾಯಿಗೆ ಅದು ಸಮ. ಎಮಿರೇಟ್ಸ್ ಒಂದಾದ ಮೇಲೆ, 1973ರ ಮೇ ತಿಂಗಳಲ್ಲಿ ಆ ರಿಯಾಲಿಗೆ ಬದಲಾಗಿ ಒಂದಕ್ಕೊಂದರಂತೆ ದಿರ್ಹಮ್ ಬಂತು. ಅಂದರೆ ಇಂದಿನ ದಿರ್ಹಮಿನ ವಂಶಾವಳಿ ಹಿಡಿದು ಹಿಂದೆ ಹೋದರೆ ಸಿಗುವುದು ನಮ್ಮ ಒಂದು ರೂಪಾಯಿ! ಒಂದಕ್ಕೆ ಒಂದಿದ್ದದ್ದು ಇಂದು ಇಪ್ಪತ್ತನ್ನು ದಾಟಿದೆ.

ರೂಪಾಯಿಯ ಹಗ್ಗ ಬಿಚ್ಚಿಕೊಂಡ ಮೇಲೆ ಇನ್ನೊಂದು ಹಗ್ಗ ಬೇಕಿತ್ತು. ಎಣ್ಣೆ ಮಾರುವುದು ಡಾಲರಿನಲ್ಲಿ, ಖಜಾನೆಗೆ ಬರುವುದು ಡಾಲರ್. ಹಾಗಾಗಿ ಡಾಲರಿಗೇ ಕಟ್ಟಿಕೊಂಡರು. ಸೌದಿ ರಿಯಾಲ್ 1986ರಿಂದ ಡಾಲರಿಗೆ 3.75ರಲ್ಲಿ ನಿಂತಿದೆ. ದಿರ್ಹಮ್ 1980ರಿಂದಲೇ ಹೆಚ್ಚುಕಡಿಮೆ ಒಂದೇ ಜಾಗದಲ್ಲಿದೆ. 1997ರಿಂದ ಅದು ಡಾಲರಿಗೆ 3.6725, ಕೂದಲೆಳೆಯಷ್ಟೂ ಬದಲಾಗಿಲ್ಲ. ಕತಾರ್, ಬಹ್ರೈನ್, ಒಮಾನ್‌ಗಳೂ ಇದೇ ದಾರಿ ಹಿಡಿದಿವೆ.

ಕಟ್ಟುವುದು ಎಂದರೆ ಬರೀ ಆದೇಶ ಹೊರಡಿಸುವುದಲ್ಲ. ಈ ಬೆಲೆಗೆ ಬ್ಯಾಂಕುಗಳು ಎಷ್ಟು ಡಾಲರ್ ತಂದರೂ ಕೊಳ್ಳುತ್ತೇನೆ, ಎಷ್ಟು ಕೇಳಿದರೂ ಕೊಡುತ್ತೇನೆ ಎಂದು ಅಲ್ಲಿನ ಸೆಂಟ್ರಲ್ ಬ್ಯಾಂಕ್ ಕೂತಿರುತ್ತದೆ. ಕೊಡಲು ರಾಶಿ ಡಾಲರ್ ಇರುವವರೆಗೆ ಬೇರೆ ಬೆಲೆಗೆ ಯಾರೂ ವ್ಯಾಪಾರ ಮಾಡುವುದಿಲ್ಲ. ಅಮೆರಿಕದ ಫೆಡರಲ್ ರಿಸರ್ವ್ ಬಡ್ಡಿ ಏರಿಸಿದರೆ ಎಮಿರೇಟ್ಸ್‌ನಲ್ಲೂ ಬಡ್ಡಿ ಏರುವುದು ಇದೇ ಕಾರಣಕ್ಕೆ. ಇಲ್ಲದಿದ್ದರೆ ಹಣವೆಲ್ಲ ಹೆಚ್ಚು ಬಡ್ಡಿಯ ಕಡೆಗೆ ಹರಿದುಹೋಗುತ್ತದೆ.

ಈಗ ರೂಪಾಯಿಗೆ ಬರೋಣ. ಡಾಲರಿಗೆ 83 ರೂಪಾಯಿ ಎಂದು ಇಟ್ಟುಕೊಳ್ಳಿ. ಅದನ್ನು 3.6725ರಿಂದ ಭಾಗಿಸಿದರೆ 22 ರೂಪಾಯಿ 60 ಪೈಸೆ. ದಿರ್ಹಮಿನ ಬೆಲೆ ಅಷ್ಟೇ ಇರಬೇಕು. ಯಾಕೆ ಇರಲೇಬೇಕು? ಒಂದು ವೇಳೆ ಯಾವುದೋ ಬ್ಯಾಂಕ್ ದಿರ್ಹಮಿಗೆ 23 ರೂಪಾಯಿ ಕೊಡಲು ಹೊರಟಿತು ಎನ್ನಿ. ಬೇರೆ ಬ್ಯಾಂಕಿನವರು ಒಂದು ಡಾಲರ್ ಕೊಟ್ಟು 3.6725 ದಿರ್ಹಮ್ ಪಡೆಯುತ್ತಾರೆ, ಅದನ್ನು 23ರಂತೆ ಮಾರಿ ಸುಮಾರು 84 ರೂಪಾಯಿ 47 ಪೈಸೆ ಎಣಿಸುತ್ತಾರೆ, 83 ರೂಪಾಯಿ ಕೊಟ್ಟು ಮತ್ತೆ ಡಾಲರ್ ಕೊಳ್ಳುತ್ತಾರೆ. ಕೂತಲ್ಲೇ ಡಾಲರಿಗೆ ಒಂದೂವರೆ ರೂಪಾಯಿಯಷ್ಟು ಲಾಭ. ಒಂದು ಡಾಲರಿನಲ್ಲಿ ಅದು ಚಿಲ್ಲರೆ, ಒಂದು ಕೋಟಿ ಡಾಲರಿನಲ್ಲಿ ಒಂದೂವರೆ ಕೋಟಿ ರೂಪಾಯಿ. ಇಂಥ ಅವಕಾಶವನ್ನೇ ಕಾದು ಕೂತವರು ಇರುತ್ತಾರೆ. ಆ 23 ಕಣ್ಣು ಮಿಟುಕಿಸುವುದರೊಳಗೆ 22.60ಕ್ಕೆ ಬಂದು ನಿಲ್ಲುತ್ತದೆ. ದೊಡ್ಡ ಬೋಟಿಗೆ ಗಟ್ಟಿಯಾಗಿ ಕಟ್ಟಿದ ದೋಣಿಯ ಹಾಗೆ. ದಡದಲ್ಲಿ ನಿಂತವರಿಗೆ ಬೋಟು ಎಷ್ಟು ದೂರ ಸರಿಯಿತೋ ದೋಣಿಯೂ ಅಷ್ಟೇ ದೂರ.

ಆದ್ದರಿಂದ "ದಿರ್ಹಮ್ ಏರಿತು" ಎಂದು ನಾವು ಕುಣಿದ ದಿನಗಳಲ್ಲಿ ದಿರ್ಹಮ್ ಕೂತಲ್ಲೇ ಕೂತಿತ್ತು. 2013 ನನಗೆ ಚೆನ್ನಾಗಿ ನೆನಪಿದೆ. ಮೇ ಆರಂಭದಲ್ಲಿ ಡಾಲರಿಗೆ ಸುಮಾರು 54 ರೂಪಾಯಿ ಇತ್ತು, ದಿರ್ಹಮಿಗೆ 14.70. ಮೇ 22ರಂದು ಫೆಡರಲ್ ರಿಸರ್ವ್‌ನ ಅಧ್ಯಕ್ಷ ಬೆನ್ ಬರ್ನಾಂಕೆ, ತಾವು ಮಾರುಕಟ್ಟೆಗೆ ಸುರಿಯುತ್ತಿರುವ ಹಣವನ್ನು ಮುಂದೆ ಕಡಿಮೆ ಮಾಡಬಹುದು ಎಂಬ ಸುಳಿವು ಕೊಟ್ಟರು. ಭಾರತದಂಥ ದೇಶಗಳಲ್ಲಿ ಹಾಕಿದ್ದ ಡಾಲರುಗಳನ್ನು ಜನ ವಾಪಸು ಎಳೆಯತೊಡಗಿದರು. ಆಗಸ್ಟ್ 28ರಂದು ಡಾಲರ್ 68.80ರ ಹತ್ತಿರ ಮುಟ್ಟಿತು. ದಿರ್ಹಮ್ 18.73. ಸೌದಿ ರಿಯಾಲ್ 14.40ರಿಂದ 18.35ಕ್ಕೆ. ಮೂರನ್ನೂ ಲೆಕ್ಕ ಹಾಕಿ ನೋಡಿ, ಏರಿಕೆ ಒಂದೇ, ಶೇಕಡಾ 27. ಸಾವಿರ ದಿರ್ಹಮ್ ಕಳಿಸಿದವರ ಮನೆಗೆ ಮೇಯಲ್ಲಿ 14,700 ರೂಪಾಯಿ ಬಂದಿದ್ದರೆ ಆಗಸ್ಟ್ ಕೊನೆಗೆ 18,730 ಬಂತು. ದುಬೈಯಲ್ಲಿ ಏನೂ ಆಗಿರಲಿಲ್ಲ. ನಮ್ಮ ಕೌಂಟರಿನ ಸಾಲು ಮಾತ್ರ ರಸ್ತೆಯವರೆಗೆ ಹೋಗಿತ್ತು. ಸಾಲ ಮಾಡಿ ಕಳಿಸಿದವರೂ ಇದ್ದರು.

ಅದೇ ಹಗ್ಗ ಹಿಂದಕ್ಕೂ ಎಳೆಯುತ್ತದೆ. 2007ರಲ್ಲಿ ಡಾಲರೇ ಸೋತಿತ್ತು. ವರ್ಷದ ಆರಂಭದಲ್ಲಿ 44ರ ಆಸುಪಾಸಿನಲ್ಲಿದ್ದದ್ದು ಕೊನೆಗೆ 39ರ ಮೇಲೆ ಚಿಲ್ಲರೆಗೆ ಇಳಿಯಿತು. ಸಾವಿರ ದಿರ್ಹಮಿಗೆ ಸುಮಾರು 12,000 ಸಿಗುತ್ತಿದ್ದ ಕಡೆ 10,700. ಸಂಬಳದ ಚೀಟಿಯಲ್ಲಿ ಒಂದು ದಿರ್ಹಮೂ ಕಡಿಮೆಯಾಗಿರಲಿಲ್ಲ. ನಮ್ಮ ರೂಮಿನಲ್ಲಿದ್ದ ಬಂಟ್ವಾಳದ ಕಾಕ ಒಬ್ಬರು ಊರಲ್ಲಿ ಮನೆಗೆ ಅಡಿಪಾಯ ಹಾಕಿಸಿದ್ದರು. ತಿಂಗಳಿಗೆ ಕಳಿಸುವ ಹಣವನ್ನು ಲೆಕ್ಕ ಹಿಡಿದೇ ಮೇಸ್ತ್ರಿಗೆ ಮಾತು ಕೊಟ್ಟಿದ್ದರು. "ನನ್ನ ಸಂಬಳ ಯಾರು ಕದ್ದದ್ದು ಮೋನೇ?" ಎಂದು ಅವರು ಕೇಳಿದಾಗ ನನ್ನ ಬಳಿ ಉತ್ತರ ಇರಲಿಲ್ಲ. ಆ ಮನೆಯ ಸ್ಲ್ಯಾಬು ಬಿದ್ದದ್ದು ಎರಡು ವರ್ಷ ತಡವಾಗಿ.

ಅದೇ ವರ್ಷದ ಮೇ ತಿಂಗಳಲ್ಲಿ ಕುವೈತ್ ಡಾಲರಿನ ಹಗ್ಗ ಬಿಚ್ಚಿತು. ಡಾಲರ್ ಸೋತಾಗ ಯುರೋಪಿನಿಂದ ತರಿಸುವ ಸಾಮಾನು ದುಬಾರಿಯಾಗುತ್ತಿತ್ತು. ಅದಕ್ಕೇ ಹಲವು ದೇಶಗಳ ಹಣದ ಒಂದು ಬುಟ್ಟಿ ಮಾಡಿ ದಿನಾರನ್ನು ಅದಕ್ಕೆ ಕಟ್ಟಿದರು. ಇಂದಿಗೂ ಹಾಗೇ ಇದೆ. ಬುಟ್ಟಿಯಲ್ಲಿ ಡಾಲರಿನ ಪಾಲು ದೊಡ್ಡದೇ ಇರುವುದರಿಂದ ದಿನಾರ್ ಡಾಲರಿನ ಹಿಂದೆಯೇ ಹೋಗುತ್ತದೆ, ಆದರೆ ಅದೇ ಹೆಜ್ಜೆಯಲ್ಲಿ ಅಲ್ಲ. ಈ ಬರಹದಲ್ಲಿ ಭಾಗಿಸಿ ತೋರಿಸಿದ ಲೆಕ್ಕ ಕುವೈತಿನಲ್ಲಿರುವವರಿಗೆ ಪೂರ್ತಿ ಸಲ್ಲದು. ಎಮಿರೇಟ್ಸ್ ಕೂಡ ಹಗ್ಗ ಬಿಚ್ಚುತ್ತದೆ, ದಿರ್ಹಮಿನ ಬೆಲೆ ಏರಿಸುತ್ತದೆ ಎಂಬ ಗುಲ್ಲು ಆ ವರ್ಷ ಜೋರಾಗಿತ್ತು. ಆ ಆಸೆಯಿಂದ ಹಣ ಕಳಿಸದೆ ಕಾದವರು ಕಾದದ್ದೇ ಬಂತು.

ಹಗ್ಗ ಒಮ್ಮೆ ಕಟ್ಟಿದರೆ ಶಾಶ್ವತ ಎಂದೂ ಅಲ್ಲ. ಎಣ್ಣೆ ಬೆಲೆ ಬಿದ್ದಿದ್ದ ದಿನಗಳಲ್ಲಿ, 1986ರ ಜನವರಿಯಲ್ಲಿ, ಒಮಾನ್ ಡಾಲರಿಗೆ ಕಟ್ಟಿಕೊಂಡೇ ಗಂಟನ್ನು ಕೆಳಗಿಳಿಸಿತು. ನೂರು ರಿಯಾಲಿಗೆ 289 ಡಾಲರಿನಷ್ಟು ಇದ್ದದ್ದು ಒಮ್ಮೆಗೇ 260 ಆಯಿತು. ಅಂದು ಮಸ್ಕತ್‌ನಲ್ಲಿದ್ದವರಿಗೆ ರೂಪಾಯಿಯ ಲೆಕ್ಕದಲ್ಲೂ ಹತ್ತರಲ್ಲಿ ಒಂದು ಪಾಲು ಹೋಯಿತು. ಆ ಹೊಸ ಗಂಟು ಮಾತ್ರ ಅಂದಿನಿಂದ ಅಲುಗಿಲ್ಲ.

ಎಣ್ಣೆ ಬೆಲೆ ಏರಿದರೆ ದಿರ್ಹಮ್ ಏರುತ್ತದೆ ಎಂಬ ಮಾತು ಪ್ರತೀ ರೂಮಿನಲ್ಲೂ ಕೇಳಿದ್ದೇನೆ. ಎಣ್ಣೆ ಏರಿದಾಗ ನಮಗೆ ರೂಪಾಯಿ ಹೆಚ್ಚು ಸಿಗುವುದು ಹಲವು ಸಲ ನಿಜ. ಆದರೆ ಅದು ಶೇಖರ ಖಜಾನೆ ತುಂಬಿದ್ದರಿಂದಲ್ಲ. ಭಾರತ ಎಣ್ಣೆ ಕೊಳ್ಳಲು ಹೆಚ್ಚು ಡಾಲರ್ ಹುಡುಕಬೇಕಾಗುತ್ತದೆ, ಅದರಿಂದ ರೂಪಾಯಿ ಇಳಿಯುತ್ತದೆ. ಅಲುಗುವುದು ಯಾವಾಗಲೂ ರೂಪಾಯಿಯ ತುದಿ, ಇಲ್ಲವೇ ಡಾಲರಿನ ತುದಿ.

ಹಾಗಾದರೆ ಎರಡು ಅಂಗಡಿಗಳ ಬೋರ್ಡಿನಲ್ಲಿ ಬೇರೆ ಬೇರೆ ರೇಟು ಯಾಕೆ? ಅದು ಅಂಗಡಿಯ ಪಾಲು. ಅದನ್ನು ಮೊಬೈಲಿನಲ್ಲೇ ಕಂಡುಹಿಡಿಯಬಹುದು. ಅಂದಿನ ಡಾಲರ್ ರೇಟು ನೋಡಿ, 3.6725ರಿಂದ ಭಾಗಿಸಿ. ಸೌದಿಯವರು 3.75ರಿಂದ, ಕತಾರಿನವರು 3.64ರಿಂದ. ಉತ್ತರ 22.60 ಬಂದು ಬೋರ್ಡಿನಲ್ಲಿ 22.45 ಇದ್ದರೆ ಸಾವಿರ ದಿರ್ಹಮಿಗೆ 150 ರೂಪಾಯಿ ಅಂಗಡಿಗೆ ಹೋಯಿತು. ಅದರ ಮೇಲೆ ಕಳಿಸುವ ಫೀಸು 20 ದಿರ್ಹಮ್ ಎಂದಾದರೆ ಅದೇ 450 ರೂಪಾಯಿ. ನಮ್ಮವರು ಬೋರ್ಡಿನ ಐದು ಪೈಸೆಗಾಗಿ ಬಿಸಿಲಲ್ಲಿ ಅಂಗಡಿಯಿಂದ ಅಂಗಡಿಗೆ ನಡೆಯುತ್ತಾರೆ. ಐದು ಪೈಸೆ ಎಂದರೆ ಸಾವಿರಕ್ಕೆ 50 ರೂಪಾಯಿ. ಆದರೆ ತಿಂಗಳಿಗೆ ಮೂರು ಸಲ ಸಾವಿರ ಸಾವಿರ ಕಳಿಸಿ ಮೂರು ಸಲ ಫೀಸು ಕೊಡುತ್ತಾರೆ. ಕೌಂಟರಿನ ಒಳಗೆ ಕೂತು ಅದನ್ನು ಹೇಳುವ ಹಾಗಿರಲಿಲ್ಲ, ಈಗ ಹೇಳುತ್ತಿದ್ದೇನೆ.

ನಾಳೆ ಏರುತ್ತದಾ ಎಂಬುದಕ್ಕೆ ಆಗಲೂ ನನ್ನ ಬಳಿ ಉತ್ತರ ಇರಲಿಲ್ಲ, ಈಗಲೂ ಇಲ್ಲ. ಕಳೆದ ರಜೆಯಲ್ಲಿ ಶಾರ್ಜಾದಿಂದ ಬಂದ ತಂಗಿಯ ಮಗನಿಗೆ ಆ ಕೆಂಪು ನೋಟನ್ನು ತೋರಿಸಿದೆ. ಅವನು ತಿರುಗಿಸಿ ನೋಡಿ, "ಮಾಮ, ಇದಕ್ಕೀಗ ಎಷ್ಟು ರೂಪಾಯಿ ಸಿಗ್ತದೆ?" ಎಂದ.